ಇಬ್ಬರು ಬಾಸ್, ಒಂದೇ ಶುಕ್ರವಾರ

"ಅಕ್ಕಾ, ಸೇಲ್ಸ್ ಹೆಡ್ ಶುಕ್ರವಾರಕ್ಕೆ ಕಸ್ಟಮರ್ ಪ್ರೆಸೆಂಟೇಶನ್ ಬೇಕು ಅಂತಾರೆ. ಫೈನಾನ್ಸ್ ಹೆಡ್ ಅದೇ ದಿನಕ್ಕೆ ಆಡಿಟ್ ಲೆಕ್ಕ ತಾಳೆ ಮಾಡಿ ಕೊಡು ಅಂತಾರೆ. ಯಾವುದು ಮೊದಲು ಅಂತ ನನ್ನ ಮ್ಯಾನೇಜರ್‌ನ ಕೇಳಿದರೆ ಕೈಲಾಗದವನು ಅಂದುಕೊಳ್ಳುತ್ತಾರಾ?"

ಇಲ್ಲ ಪುಟ್ಟಾ, ಹಾಗೆ ಅಂದುಕೊಳ್ಳುವುದಿಲ್ಲ. ನಾನೂ ಒಂದು ಟೀಮ್ ನೋಡಿಕೊಳ್ಳುತ್ತೇನೆ ಅಲ್ವಾ, ಅದಕ್ಕೇ ಹೇಳುತ್ತಿದ್ದೇನೆ. ಮಂಗಳವಾರ ಬಂದು ಕೇಳುವ ಹುಡುಗ ನನಗೆ ಭಾರ ಅಲ್ಲ. ಗುರುವಾರ ಸಂಜೆ ಬಂದು "ಎರಡೂ ಅರ್ಧ ಆಗಿದೆ" ಅಂದರೆ ಮಾತ್ರ ನನ್ನ ಕೈಯಲ್ಲಿ ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ.

ಆದರೆ ಸುಮ್ನೆ ಹೋಗಿ "ಸರ್, ಯಾವುದು ಮೊದಲು?" ಅಂತ ಕೇಳಬೇಡ. ಹಾಗೆ ಕೇಳಿದರೆ "ಎರಡೂ ಮುಖ್ಯ, ಹೇಗಾದರೂ ಮಾಡು" ಅಂತಲೇ ಉತ್ತರ ಬರುತ್ತದೆ. ಅವರ ಮುಂದೆ ಲೆಕ್ಕ ಇಲ್ಲ, ಪಾಪ ಅವರು ಇನ್ನೇನು ಹೇಳುತ್ತಾರೆ. ಮೊದಲು ಲೆಕ್ಕ ಹಾಕು. ಇವತ್ತು ಮಂಗಳವಾರ ಬೆಳಗ್ಗೆ, ಶುಕ್ರವಾರ ಸಂಜೆವರೆಗೆ ನಾಲ್ಕು ದಿನ ಇದೆ. ದಿನಕ್ಕೆ 8 ಗಂಟೆ ಅಂತ ಹಿಡಿಯಬೇಡ, ಮೀಟಿಂಗು, ಮೇಲ್, ದಿನದ ಕೆಲಸಕ್ಕೆ 2 ಗಂಟೆ ಹೋಗೇ ಹೋಗುತ್ತದೆ. ಉಳಿಯುವುದು 6, ಅಂದರೆ ಒಟ್ಟು 24 ಗಂಟೆ. ಆಡಿಟ್ ತಾಳೆಗೆ 18 ಗಂಟೆ, ಪ್ರೆಸೆಂಟೇಶನ್‌ಗೆ 14 ಗಂಟೆ ಬೇಕು ಅಂತ ಇಟ್ಟುಕೋ. ಒಟ್ಟು 32. ಕೊರತೆ 8 ಗಂಟೆ. ನಿನ್ನ ಅಂಕಿ ಬೇರೆ ಇರಬಹುದು, ಆದರೆ ಈ ಕೊರತೆಯ ಅಂಕಿಯೇ ನಿನ್ನ ಪ್ರಶ್ನೆ, ಅದಿಲ್ಲದೆ ಹೋದರೆ ಅದು ಬರೀ ದೂರು.

ಆಮೇಲೆ ಇಬ್ಬರು ಹೆಡ್‌ಗಳಿಗೂ ಒಂದೊಂದು ಪ್ರಶ್ನೆ ಕೇಳು, "ಶುಕ್ರವಾರ ಇದನ್ನು ಯಾರು ನೋಡುತ್ತಾರೆ, ಅವರಿಗೆ ಎಷ್ಟು ಭಾಗ ಬೇಕು?" ಅಂತ. ತುಂಬಾ ಸಲ ಜಗಳ ಇಲ್ಲೇ ಮುಗಿಯುತ್ತದೆ. ಆಡಿಟರ್ ಸೋಮವಾರ ಬರುವವರು, ಶುಕ್ರವಾರ ಅಂತ ಫೈನಾನ್ಸ್‌ನವರು ತಮ್ಮ ಧೈರ್ಯಕ್ಕೆ ಮುಂಚಿನ ದಿನ ಹೇಳಿರಬಹುದು. ಇಲ್ಲಾ, ಕಸ್ಟಮರ್‌ಗೆ ಮೊದಲ ಐದು ಸ್ಲೈಡ್ ಸಾಕಿರಬಹುದು. ಕೇಳುವಾಗ ಒಬ್ಬರ ಮುಂದೆ ಇನ್ನೊಬ್ಬರ ಕೆಲಸವನ್ನು ಹಗುರ ಮಾಡಿ ಮಾತಾಡಬೇಡ. ಯಾರಿಗೂ "ನಿಮ್ಮದೇ ಮೊದಲು" ಅಂತ ಮಾತೂ ಕೊಡಬೇಡ, ಅದು ಇನ್ನೊಬ್ಬರ ಕಿವಿಗೆ ಹೋಗುತ್ತದೆ.

ಆಗಲೂ ಕೊರತೆ ಉಳಿದರೆ ಮ್ಯಾನೇಜರ್ ಹತ್ರ ಹೋಗು. ಯಾರ ದನಿ ಜೋರೋ ಅವರ ಹತ್ರ ಅಲ್ಲ, ನಿನ್ನ ಅಪ್ರೈಸಲ್ ಬರೆಯುವವರ ಹತ್ರ. ಮೊದಲು ಎದುರಿಗೆ ಎರಡು ನಿಮಿಷ ಮಾತಾಡು, ಆಮೇಲೆ ಮೆಸೇಜ್ ಹಾಕು. ಈ ರೀತಿ ಬರೆ:

"ಸರ್, ಶುಕ್ರವಾರಕ್ಕೆ ಎರಡು ಕೆಲಸ ಇವೆ. ಆಡಿಟ್ ತಾಳೆಗೆ 18 ಗಂಟೆ, ಪ್ರೆಸೆಂಟೇಶನ್‌ಗೆ 14 ಗಂಟೆ ಬೇಕು. ನನ್ನ ಹತ್ರ 24 ಇದೆ. ಆಡಿಟ್ ಮೊದಲು ಮುಗಿಸಿ, ಪ್ರೆಸೆಂಟೇಶನ್‌ನ ಮುಖ್ಯ ಸ್ಲೈಡ್‌ಗಳನ್ನು ಮಾತ್ರ ಶುಕ್ರವಾರ ಕೊಟ್ಟು, ಉಳಿದದ್ದು ಮುಂದಿನ ಮಂಗಳವಾರ ಕೊಡುತ್ತೇನೆ ಅಂತ ಯೋಚನೆ. ಬೇರೆ ಕ್ರಮ ಬೇಕಿದ್ದರೆ ಇವತ್ತು 4 ಗಂಟೆಯೊಳಗೆ ಹೇಳಿ."

ಇದರಲ್ಲಿ ನಿನ್ನ ಸಲಹೆಯೂ ಇದೆ, ಏನು ತಡವಾಗುತ್ತದೆ ಅನ್ನುವುದೂ ಇದೆ. ಮ್ಯಾನೇಜರ್‌ಗೆ ಹೂಂ ಅಥವಾ ಊಹೂಂ ಅನ್ನುವಷ್ಟೇ ಕೆಲಸ. ಆಡಿಟ್ ಮೊದಲು ಅಂತ ಯಾಕೆ ಹಾಕಿದೆ ಅಂದರೆ, ಆಡಿಟರ್‌ಗೆ ಅರ್ಧ ತಾಳೆ ಕೊಟ್ಟರೆ ಪ್ರಯೋಜನ ಇಲ್ಲ, ಪ್ರೆಸೆಂಟೇಶನ್ ಮಾತ್ರ ಅರ್ಧವಿದ್ದರೂ ನಡೆಯುತ್ತದೆ. ಆದರೆ ಆ ಕಸ್ಟಮರ್ ಶುಕ್ರವಾರವೇ ಸಹಿ ಹಾಕುವವರಾಗಿದ್ದರೆ ಲೆಕ್ಕ ತಿರುಗುತ್ತದೆ. ಅದು ನಿನಗೆ ಗೊತ್ತಿರಲಿಕ್ಕಿಲ್ಲ, ಮ್ಯಾನೇಜರ್‌ಗೆ ಗೊತ್ತಿರಬಹುದು. ಕೇಳಬೇಕಾಗಿರುವುದು ಅದಕ್ಕೇ.

ಆಗಲೂ "ಎರಡೂ ಮಾಡು" ಅಂದರೆ ವಾದ ಮಾಡಬೇಡ. "ಸರಿ ಸರ್, ಶುಕ್ರವಾರ ಸಂಜೆ ಒಂದು ಬಾಕಿ ಉಳಿದರೆ ಯಾವುದು ಉಳಿದರೆ ಪರವಾಗಿಲ್ಲ?" ಅಂತ ಕೇಳು. ಇದಕ್ಕೆ ಜಾಸ್ತಿ ಜನ ಉತ್ತರ ಕೊಡುತ್ತಾರೆ. ಇಲ್ಲಾ ಅಂದರೆ 8 ಗಂಟೆ ಕೆಲಸ ಹಂಚಿಕೊಳ್ಳಲು ಇನ್ನೊಬ್ಬರನ್ನು ಕೇಳು. ರಾತ್ರಿ ಕೂತು ಒಬ್ಬನೇ ತುಂಬಿಸಲು ಹೋಗಬೇಡ ಮಾರಾಯ, ಮುಂದಿನ ಸಲ 24 ಗಂಟೆಯಲ್ಲಿ 32 ಆಗುತ್ತದೆ ಅಂತಲೇ ಎಲ್ಲರೂ ನಂಬುತ್ತಾರೆ.

ತೀರ್ಮಾನ ಆದ ಮೇಲೆ ಇಬ್ಬರು ಹೆಡ್‌ಗಳಿಗೂ ಒಂದೇ ಮೇಲ್ ಹಾಕು, ಮ್ಯಾನೇಜರ್‌ನೂ ಸೇರಿಸು. ಯಾವುದು ಯಾವಾಗ ಬರುತ್ತದೆ ಅಂತ ಮಾತ್ರ ಬರೆ. ತಡವಾಗುವ ಕಡೆಯವರಿಗೆ ಮೇಲ್‌ಗಿಂತ ಮೊದಲು ಮ್ಯಾನೇಜರ್ ಒಂದು ಫೋನ್ ಮಾಡಿದರೆ ಒಳ್ಳೆಯದು, ಆ ಮಾತು ನಿನ್ನ ಬಾಯಿಂದ ಹೋಗಬಾರದು, ಇದನ್ನೂ ಅವರ ಹತ್ರ ಕೇಳಿಕೋ.

ನಿನ್ನ ನಿಜವಾದ ಗಂಟೆ ಲೆಕ್ಕ ಹಾಕಿ ನನಗೆ ಕಳಿಸು, ಮೆಸೇಜ್ ಹಾಕುವ ಮುಂಚೆ ಒಂದು ಸಲ ನೋಡುತ್ತೇನೆ.