ರೀಫಂಡ್ ಆಗಿದೆ ಅಂತ ಅಂಗಡಿಯವರ ಮಾತು, ಖಾತೆಯಲ್ಲಿ ದುಡ್ಡಿಲ್ಲ. ಎಲ್ಲಿ ಸಿಕ್ಕಿಕೊಂಡಿದೆ?

ಮಿಂಚುಳ್ಳಿ · ಜೂನ್ 14, 2025, ಬೆಳಿಗ್ಗೆ 9:10
ಆನ್‌ಲೈನ್ ಕ್ಯಾಮೆರಾ ಅಂಗಡಿಯೊಂದರಿಂದ ತರಿಸಿದ್ದ ಲೆನ್ಸ್‌ನಲ್ಲಿ ಫೋಕಸ್ ಸರಿ ಇರಲಿಲ್ಲ. ವಾಪಸ್ ಕಳಿಸಿದೆ. ಜೂನ್ 6ಕ್ಕೆ "ನಿಮ್ಮ ₹38,400 ರೀಫಂಡ್ ಆಗಿದೆ" ಅಂತ ಮೆಸೇಜ್ ಬಂತು. ಇವತ್ತಿನವರೆಗೂ ಒಂದು ರೂಪಾಯಿ ಬಂದಿಲ್ಲ. ನನ್ನ ಗೆಳೆಯ ಅದೇ ಅಂಗಡಿಗೆ ಟ್ರೈಪಾಡ್ ವಾಪಸ್ ಮಾಡಿದ್ದ. ಅವನಿಗೆ ಅದೇ ದಿನ ಸಂಜೆ ದುಡ್ಡು ಬಂತು. ಅಂಗಡಿಯವರು ಬ್ಯಾಂಕಿಗೆ ಕೇಳಿ ಅಂತಾರೆ, ಬ್ಯಾಂಕಿನವರು ಅಂಗಡಿಗೆ ಕೇಳಿ ಅಂತಾರೆ. ಯಾರಾದರೂ ದಾರಿ ತೋರಿಸಿ.

ಲೆನ್ಸ್‌ಮೂರ್ತಿ · 9:32
ಐದು ದಿನ ದಾಟಿದ ಮೇಲೆ ದಿನಕ್ಕೆ ₹100 ಪರಿಹಾರ ಕೊಡಬೇಕು ಅಂತ ಆರ್‌ಬಿಐ ನಿಯಮವೇ ಇದೆ. ಇವತ್ತೇ ದೂರು ಹಾಕಿ. ಬಿಡಬೇಡಿ.

ಕಾಡುದಾರಿ · 9:50
ನನ್ನದೂ ಹೀಗೇ ಆಗಿತ್ತು. ರೈಲು ಟಿಕೆಟ್ ಬುಕ್ ಮಾಡುವಾಗ ದುಡ್ಡು ಹೋಯಿತು, ಟಿಕೆಟ್ ಬರಲಿಲ್ಲ. ಮೂರನೇ ದಿನ ತಾನಾಗಿಯೇ ವಾಪಸ್ ಬಂತು. ಸುಮ್ನೆ ಕಾಯಿರಿ, ಬರುತ್ತದೆ.

ಶಾಂತಲಾ ಎನ್. · 10:25
ಮಿಂಚುಳ್ಳಿ ಅವರೇ, ಮುಖ್ಯವಾದದ್ದನ್ನೇ ಹೇಳಿಲ್ಲವಲ್ಲ. ದುಡ್ಡು ಕಟ್ಟಿದ್ದು ಹೇಗೆ? ಯುಪಿಐ, ಡೆಬಿಟ್ ಕಾರ್ಡ್, ಕ್ರೆಡಿಟ್ ಕಾರ್ಡ್, ನೆಟ್ ಬ್ಯಾಂಕಿಂಗ್, ಯಾವುದು? ಗೆಳೆಯರು ಹೇಗೆ ಕಟ್ಟಿದ್ದರು? ಅಂಗಡಿಯವರು ಕೊಟ್ಟ ನಂಬರ್ ಯಾವುದು?

ಮೂರ್ತಿ ಸರ್, ನೀವು ಹೇಳುವ ₹100ರ ನಿಯಮ 2019ರ ಸೆಪ್ಟೆಂಬರ್ ಸುತ್ತೋಲೆಯದು. ಅದು ಫೇಲ್ ಆದ ವ್ಯವಹಾರಕ್ಕೆ. ಅಂದರೆ ಖಾತೆಯಿಂದ ದುಡ್ಡು ಹೋಗಿ ಅಂಗಡಿಗೆ ಖಾತ್ರಿ ಸಿಗದೇ ಇದ್ದಾಗ. ಕಾಡುದಾರಿ ಅವರ ಟಿಕೆಟ್ ಕಥೆ ಆ ಜಾತಿಯದು. ಇಲ್ಲಿ ವ್ಯವಹಾರ ಪೂರ್ತಿ ಆಗಿದೆ, ಸರಕೂ ಬಂದಿದೆ, ಆಮೇಲೆ ಅಂಗಡಿ ದುಡ್ಡು ಹಿಂದಿರುಗಿಸುತ್ತಿದೆ. ಆ ಸುತ್ತೋಲೆ ಇದಕ್ಕೆ ಹೊಂದುವುದಿಲ್ಲ.

ಲೆನ್ಸ್‌ಮೂರ್ತಿ · 10:41
ಗಿರಾಕಿಗೆ ಎರಡೂ ಒಂದೇ ಅಲ್ವಾ? ದುಡ್ಡು ಹೋಗಿದೆ, ಬಂದಿಲ್ಲ. ಮ್ಯಾನೇಜರ್ ಮುಂದೆ ಆ ಸುತ್ತೋಲೆ ಹಿಡಿದು ನಿಂತರೆ ಕೆಲಸ ಆಗುತ್ತದೆ.

ಶಾಂತಲಾ ಎನ್. · 10:48
ಬ್ಯಾಂಕಿನವರು ಒಂದೇ ಸಾಲು ಓದಿ ದೂರನ್ನು ಮುಚ್ಚುತ್ತಾರೆ ಸರ್. ಆಮೇಲೆ ಮತ್ತೆ ಮೊದಲಿನಿಂದ ಶುರು ಮಾಡಬೇಕು.

ಮಿಂಚುಳ್ಳಿ · 11:30
ಗೆಳೆಯ ಯುಪಿಐ. ನಾನು ಡೆಬಿಟ್ ಕಾರ್ಡ್, ವೀಸಾ. ಒಂದು ವಿಷಯ, ಮಧ್ಯೆ ಆ ಕಾರ್ಡ್ ಬ್ಲಾಕ್ ಮಾಡಿಸಿ ಹೊಸದು ತೆಗೆದುಕೊಂಡೆ. ಅಂಗಡಿಯವರು ಕೊಟ್ಟಿದ್ದು ಅಕ್ಷರ, ಅಂಕಿ ಬೆರೆತ ಉದ್ದದ ನಂಬರ್. ಬ್ಯಾಂಕಿನಲ್ಲಿ ತೋರಿಸಿದರೆ ಇದು ನಮ್ಮದಲ್ಲ ಅಂದರು.

ಲೆನ್ಸ್‌ಮೂರ್ತಿ · 11:36
ಸಿಕ್ಕಿತಲ್ಲ ಕಾರಣ! ಹಳೇ ಕಾರ್ಡ್ ಸತ್ತಿದೆ. ದುಡ್ಡು ಅಲ್ಲಿಗೆ ಹೋಗಿ ತಿರುಗಿ ಅಂಗಡಿಗೇ ಹೋಗಿದೆ. ಹೊಸ ಕಾರ್ಡ್ ನಂಬರ್ ಕೊಟ್ಟು ಮತ್ತೆ ರೀಫಂಡ್ ಹಾಕಿಸಿ.

ಶಾಂತಲಾ ಎನ್. · 12:15
ದಯವಿಟ್ಟು ಕಾರ್ಡ್ ನಂಬರನ್ನು ಯಾರಿಗೂ ಕಳಿಸಬೇಡಿ. ಕಾರ್ಡ್ ಬದಲಾದರೂ ಖಾತೆ ಅದೇ. ಹಳೇ ನಂಬರ್ ಯಾವ ಖಾತೆಯದು ಅಂತ ಬ್ಯಾಂಕಿನಲ್ಲಿ ದಾಖಲೆ ಇರುತ್ತದೆ. ಕೆಲವೊಮ್ಮೆ ಸಿಬ್ಬಂದಿ ಕೈಯಲ್ಲಿ ಹೊಂದಿಸಬೇಕಾಗುತ್ತದೆ, ಆಗ ಒಂದೆರಡು ದಿನ ಜಾಸ್ತಿ ಹಿಡಿಯುತ್ತದೆ. ದುಡ್ಡು ತಿರುಗಿ ಹೋಗುವುದು ಖಾತೆಯೇ ಮುಚ್ಚಿದ್ದರೆ. ಆಗ ಅಂಗಡಿಯವರು ಬೇರೆ ಖಾತೆಗೆ ನೆಫ್ಟ್ ಮಾಡಬೇಕು.

ನಾನು ಒಂದು ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿ ದಿನವೂ ಇದನ್ನೇ ನೋಡುತ್ತೇನೆ. ನಿಮ್ಮ ಗೆಳೆಯರ ಯುಪಿಐ ರೀಫಂಡ್ ಸಾಮಾನ್ಯವಾಗಿ ಖಾತೆಗೆ ನೇರವಾಗಿ ಜಮಾ ಆಗುತ್ತದೆ. ಯುಪಿಐ ಹಗಲು ರಾತ್ರಿ, ರಜೆ ದಿನವೂ ನಡೆಯುತ್ತದೆ. ಅದಕ್ಕೇ ಸಂಜೆಯೊಳಗೆ ಬಂತು. ಕಾರ್ಡಿನ ದಾರಿ ಬೇರೆ. ಅಂಗಡಿಯವರು ಬಟನ್ ಒತ್ತಿದರೆ ಪೇಮೆಂಟ್ ಗೇಟ್‌ವೇಗೆ, ಅಂದರೆ ಅಂಗಡಿಯ ಪರವಾಗಿ ಆನ್‌ಲೈನ್ ದುಡ್ಡು ತೆಗೆದುಕೊಳ್ಳುವ ಕಂಪನಿಗೆ, ಕೋರಿಕೆ ಹೋಗುತ್ತದೆ, ಅಷ್ಟೇ. ಗೇಟ್‌ವೇ ಅದನ್ನು ಅಂಗಡಿಯ ಪರವಾಗಿರುವ ಬ್ಯಾಂಕಿಗೆ ಕೊಡಬೇಕು. ಆ ಬ್ಯಾಂಕ್ ದಿನದ ಫೈಲ್‌ನಲ್ಲಿ ಸೇರಿಸಿ ವೀಸಾಗೆ ಕಳಿಸಬೇಕು. ವೀಸಾದಿಂದ ನಿಮ್ಮ ಬ್ಯಾಂಕಿಗೆ ಬಂದ ಮೇಲೆ ಅವರು ಖಾತೆಗೆ ಹಾಕಬೇಕು. ಅಂಗಡಿಯ ಪರದೆಯಲ್ಲಿ "ರೀಫಂಡ್ ಆಗಿದೆ" ಅಂತ ಬರುವುದು ಮೊದಲ ಹೆಜ್ಜೆಗೇ.

ಈಗ ನಿಮ್ಮ ಕೈಯಲ್ಲಿರುವುದು ಗೇಟ್‌ವೇ ನಂಬರ್. ಬ್ಯಾಂಕಿಗೆ ಅದರಿಂದ ಏನೂ ಗೊತ್ತಾಗದು. ಅಂಗಡಿಯವರ ಹತ್ತಿರ ಎಆರ್‌ಎನ್ ಕೇಳಿ, ಅಂದರೆ ರೀಫಂಡ್ ಕಾರ್ಡ್ ದಾರಿಗೆ ಇಳಿದಾಗ ಅದಕ್ಕೆ ಸಿಗುವ ನಂಬರ್, ಅದರಿಂದ ನಿಮ್ಮ ಬ್ಯಾಂಕ್ ಹುಡುಕಬಹುದು. 23 ಅಂಕಿ ಇರುತ್ತದೆ. ಯುಪಿಐ ಆಗಿದ್ದರೆ ಅದೇ ಕೆಲಸಕ್ಕೆ 12 ಅಂಕಿಯ ಆರ್‌ಆರ್‌ಎನ್ ಕೇಳಿ ಅನ್ನುತ್ತಿದ್ದೆ.

ಕಾಡುದಾರಿ · 12:40
ಅದಕ್ಕೇ ನಾನು ಎಲ್ಲವನ್ನೂ ಕ್ರೆಡಿಟ್ ಕಾರ್ಡ್‌ನಲ್ಲಿ ತೆಗೆದುಕೊಳ್ಳುವುದು. ಮೊನ್ನೆ ತಂದ 600 ಎಂಎಂ ಲೆನ್ಸ್ ಕೂಡ. ಕಾರ್ಬನ್ ಫೈಬರ್ ಟ್ರೈಪಾಡ್ ಮೇಲೆ ಕೂರಿಸಿ ರಂಗನತಿಟ್ಟಿನಲ್ಲಿ ತೆಗೆದ ಕೊಕ್ಕರೆ ಫೋಟೋ ಬೇರೆ ಕಡೆ ಹಾಕಿದ್ದೇನೆ, ನೋಡಿ. ರೀಫಂಡ್ ಬರುತ್ತದೆ ಅಂತ ಗೊತ್ತಿದ್ದರೆ ಆ ತಿಂಗಳ ಬಿಲ್ ಅಷ್ಟು ಕಡಿಮೆ ಕಟ್ಟಿದರಾಯಿತು.

ಶಾಂತಲಾ ಎನ್. · 13:05
ಫೋಟೋ ಚೆನ್ನಾಗಿದೆ ಸರ್. ಆದರೆ ಬಿಲ್ ವಿಷಯದಲ್ಲಿ ಹುಷಾರು. ಕೊನೆ ದಿನದ ಒಳಗೆ ರೀಫಂಡ್ ಜಮಾ ಆಗಿದ್ದರೆ, ನೀವಿನ್ನೂ ಕಟ್ಟಿಲ್ಲದಿದ್ದರೆ, ಅದನ್ನು ಬಾಕಿಯಲ್ಲಿ ಕಳೆಯಬೇಕು ಅಂತ 2022ರ ಆರ್‌ಬಿಐ ನಿರ್ದೇಶನ ಹೇಳುತ್ತದೆ. ಜಮಾ ಆಗದೇ ಕಡಿಮೆ ಕಟ್ಟಿದರೆ ಬಡ್ಡಿ ಬೀಳುತ್ತದೆ. ಕಾರ್ಡ್ ಆ್ಯಪ್‌ನಲ್ಲಿ ಜಮಾ ಕಂಡ ಮೇಲೆ ಮಾತ್ರ ಕಳೆಯಿರಿ.

ಮಿಂಚುಳ್ಳಿ · 16:20
ಎಆರ್‌ಎನ್ ಕೊಟ್ಟರು. ಮೊದಲು ಅಂಥದ್ದೇನೂ ಇಲ್ಲ ಅಂದರು, ಎರಡನೇ ಸಲ ಬರೆದು ಕೇಳಿದಾಗ ಬಂತು. ಪೂರ್ತಿ ಹಾಕಬಾರದು ಅಂತ ಉಳಿದದ್ದು ಮುಚ್ಚಿದ್ದೇನೆ.

```
7XXXXXX5162XXXXXXXXXXXX
```

ಶಾಂತಲಾ ಎನ್. · 17:02
ಮುಚ್ಚದೆ ಬಿಟ್ಟದ್ದು ಸರಿಯಾದ ಜಾಗವನ್ನೇ. ಎಡದಿಂದ ಎಂಟನೇ ಅಂಕಿಯಿಂದ ಹನ್ನೊಂದನೆಯವರೆಗೆ ನೋಡಿ. 5 ಅಂದರೆ 2025. 162 ಅಂದರೆ ವರ್ಷದ 162ನೇ ದಿನ. ಮೇ ಮುಗಿದಾಗ 151, ಅದಕ್ಕೆ 11 ಸೇರಿಸಿದರೆ ಜೂನ್ 11, ಬುಧವಾರ.

ಅಂದರೆ ಮೆಸೇಜ್ 6ಕ್ಕೆ ಬಂದರೂ ರೀಫಂಡ್ ಕಾರ್ಡ್ ದಾರಿಗೆ ಇಳಿದದ್ದು 11ಕ್ಕೆ. ನಿಮ್ಮ ಬ್ಯಾಂಕ್ ಐದು ದಿನ ಸುಮ್ಮನೆ ಇಟ್ಟುಕೊಂಡಿಲ್ಲ. 7 ಬಕ್ರೀದ್, 8 ಭಾನುವಾರ, ಅವೆರಡು ದಿನ ಕಾರ್ಡಿನ ಕೆಲಸ ನಿಧಾನ ಆಗಿರಬಹುದು. 9 ಮತ್ತು 10 ಎಲ್ಲಿ ಹೋದವು ಅನ್ನುವುದೇ ಪ್ರಶ್ನೆ. ಗೇಟ್‌ವೇಯಲ್ಲಿ ಅಂಗಡಿಯ ಹೆಸರಿನಲ್ಲಿ ಉಳಿದಿರುವ ಹಣ ₹38,400ಕ್ಕಿಂತ ಕಡಿಮೆ ಇದ್ದರೆ, ಹೊಸ ಮಾರಾಟದ ದುಡ್ಡು ಬಂದು ಸೇರುವವರೆಗೆ ರೀಫಂಡ್ ಸಾಲಿನಲ್ಲಿ ನಿಲ್ಲುತ್ತದೆ. ಟ್ರೈಪಾಡಿನ ಸಣ್ಣ ಮೊತ್ತ ಹೋಗಿ ಲೆನ್ಸಿನದು ನಿಂತದ್ದಕ್ಕೆ ಇದೂ ಒಂದು ಕಾರಣ ಇರಬಹುದು.

ಇವತ್ತು ಎರಡನೇ ಶನಿವಾರ, ಶಾಖೆ ಮುಚ್ಚಿರುತ್ತದೆ. ಸೋಮವಾರ ಈ ನಂಬರ್, ಮೊತ್ತ, ತಾರೀಕು ಬರೆದು ಶಾಖೆಗಲ್ಲ, ಬ್ಯಾಂಕಿನ ಕಾರ್ಡ್ ವಿಭಾಗಕ್ಕೆ ಕೊಡಿ. ದೂರಿನ ಸಂಖ್ಯೆ ತೆಗೆದುಕೊಳ್ಳಿ. ಬ್ಯಾಂಕ್ 30 ದಿನದಲ್ಲಿ ಉತ್ತರಿಸದಿದ್ದರೆ ಆರ್‌ಬಿಐ ಒಂಬುಡ್ಸ್‌ಮನ್‌ಗೆ cms.rbi.org.in ನಲ್ಲಿ ಹಾಕಬಹುದು. ತಪ್ಪು ಅಂಗಡಿಯದು ಅಂತಾದರೆ ಗ್ರಾಹಕ ಸಹಾಯವಾಣಿ 1915.

ಲೆನ್ಸ್‌ಮೂರ್ತಿ · 17:20
ಆದರೂ ಹಳೇ ಕಾರ್ಡಿನದೇ ತೊಂದರೆ ಅಂತ ನನ್ನ ಅನಿಸಿಕೆ.

ಮಿಂಚುಳ್ಳಿ · ಜೂನ್ 17, ಬೆಳಿಗ್ಗೆ 8:45
ಸೋಮವಾರ ಬೆಳಿಗ್ಗೆ ಕಾರ್ಡ್ ವಿಭಾಗಕ್ಕೆ ಬರೆದಿದ್ದೆ. ಎಆರ್‌ಎನ್ ನೋಡಿದ ಕೂಡಲೇ ನಂಬರ್ ಸಿಕ್ಕಿತು ಅಂದರು. ಹಳೇ ಕಾರ್ಡ್ ಅಂತ ಕೈಯಲ್ಲಿ ಹೊಂದಿಸಲು ಇಟ್ಟಿದ್ದರಂತೆ. ರಾತ್ರಿ ₹38,400 ಜಮಾ ಆಗಿದೆ. ಶಾಂತಲಾ ಮೇಡಂ, ತುಂಬಾ ಧನ್ಯವಾದ.

ಲೆನ್ಸ್‌ಮೂರ್ತಿ · 8:58
ನಾನು ಹೇಳಿದ್ದೇ ಅಲ್ವಾ, ಹಳೇ ಕಾರ್ಡ್!

ಶಾಂತಲಾ ಎನ್. · 9:15
ಹಳೇ ಕಾರ್ಡಿನಿಂದ ತಡ ಆಯಿತು ಸರ್, ಅದು ನಿಮ್ಮ ಮಾತಿನಲ್ಲಿದ್ದ ನಿಜ. ದುಡ್ಡು ತಿರುಗಿ ಅಂಗಡಿಗೆ ಹೋಗಿರಲಿಲ್ಲ. ಮತ್ತೆ ರೀಫಂಡ್ ಹಾಕಿಸಿದ್ದರೆ ಎರಡು ಸಲ ಬಂದು, ಒಂದನ್ನು ಹಿಂದಿರುಗಿಸುವ ತಲೆನೋವು ಶುರುವಾಗುತ್ತಿತ್ತು. ಮಿಂಚುಳ್ಳಿ ಅವರೇ, 9 ಮತ್ತು 10ರ ವಿಷಯ ಅಂಗಡಿಯವರು ಏನಾದರೂ ಹೇಳಿದರಾ?

ಮಿಂಚುಳ್ಳಿ · 9:40
ಗೇಟ್‌ವೇಯಲ್ಲಿ ಸಾಲಿನಲ್ಲಿ ನಿಂತಿತ್ತಾ ಅಂತ ಕೇಳಿ ಮೇಲ್ ಹಾಕಿದ್ದೇನೆ. ಉತ್ತರ ಬಂದಿಲ್ಲ.