ಅಪ್‌ಡೇಟ್: ಮಗ ಈಗ ಒಬ್ಬನೇ ಬಸ್ಸಿನಲ್ಲಿ ಹೋಗುತ್ತಾನೆ

ನನ್ನ ಪ್ರಶ್ನೆ ಹೀಗಿತ್ತು: “ಆಟಿಸಂ ಇರುವ 17 ವರ್ಷದ ಮಗ ಮೈಸೂರಿನಲ್ಲಿ ಕೆಲಸದ ತರಬೇತಿಗೆ ನಗರ ಬಸ್ಸಿನಲ್ಲಿ ಒಬ್ಬನೇ ಹೋಗಬೇಕು. ಕಲಿಸುವುದನ್ನು ಎಲ್ಲಿಂದ ಶುರು ಮಾಡಲಿ?”

ನಿಮ್ಮಲ್ಲಿ ಕೆಲವರು ಸೂಚಿಸಿದಂತೆ ಕೊನೆಯ ಹಂತದಿಂದ ಶುರು ಮಾಡಿದೆವು. ಉಳಿದೆಲ್ಲಕ್ಕೂ ನಾನು ಜೊತೆಗಿದ್ದು, ನಿಲ್ದಾಣದಿಂದ ಕೇಂದ್ರದ ಗೇಟಿನವರೆಗಿನ ನಡಿಗೆಯನ್ನು ಮಾತ್ರ ಅವನಿಗೇ ಬಿಟ್ಟೆ. ಅದು ರೂಢಿಯಾದ ಮೇಲೆ ಬಸ್ಸಿನಿಂದ ಇಳಿಯುವುದು, ಆಮೇಲೆ ಟಿಕೆಟ್ ಪಡೆಯುವುದು, ಕಡೆಗೆ ಸರಿಯಾದ ಬಸ್ ಗುರುತಿಸಿ ಹತ್ತುವುದು. ಪ್ರತಿ ಸಲವೂ ಪ್ರಯಾಣವನ್ನು ಮುಗಿಸುವವನು ಅವನೇ ಆಗಿದ್ದರಿಂದ ಹುಮ್ಮಸ್ಸು ಕುಂದಲಿಲ್ಲ.

ನಿಜವಾದ ಕಷ್ಟ ನಾನು ಬಾಯಿ ಮುಚ್ಚಿಕೊಂಡಿರುವುದು! “ಇಳಿ” ಎನ್ನುವವರೆಗೂ ಅವನು ನನ್ನ ಮುಖ ನೋಡುತ್ತ ಕೂರುತ್ತಿದ್ದ. ಹಾಗಾಗಿ ಮಾತು ಬಿಟ್ಟು, ಮೊಬೈಲಿನಲ್ಲಿ ದಾರಿಯ ಫೋಟೊಗಳನ್ನು ಸಾಲಾಗಿ ಇಟ್ಟುಕೊಟ್ಟೆ: ಪೆಟ್ರೋಲ್ ಬಂಕ್ ಕಂಡರೆ ಎದ್ದು ಬಾಗಿಲ ಬಳಿ ಬರಬೇಕು. ನಾನು ಹಿಂದಿನ ಸೀಟಿಗೆ, ಆಮೇಲೆ ಬಸ್ಸಿನ ಹಿಂದೆ ಸ್ಕೂಟರಿಗೆ ಸರಿದೆ.

ರಸ್ತೆ ಕಾಮಗಾರಿಯಿಂದ ಬಸ್ ಬೇರೆ ದಾರಿ ಹಿಡಿದ ದಿನ ಬಂಕ್ ಬರಲಿಲ್ಲ, ಇವನೂ ಏಳಲಿಲ್ಲ. ಕೊನೆಯ ನಿಲ್ದಾಣದಲ್ಲಿ ಗಾಬರಿಯಿಂದ ಕಿವಿ ಮುಚ್ಚಿಕೊಂಡು ನಿಂತಿದ್ದ. ದಾರಿ ತಪ್ಪಿದರೆ ಏನು ಮಾಡಬೇಕೆಂಬುದನ್ನೂ ಒಂದು ಪಾಠವಾಗಿಯೇ ಕಲಿಸಬೇಕೆಂದು ಆಗ ಸ್ಪಷ್ಟವಾಯಿತು. ಈಗ ಬೇಕೆಂದೇ ಬೇರೆ ನಂಬರಿನ ಬಸ್ ಹತ್ತಿಸುತ್ತೇನೆ. ಗುರುತು ಕಾಣದಿದ್ದರೆ ನಿರ್ವಾಹಕರಿಗೆ ಕಾರ್ಡ್ ತೋರಿಸಿ, ಇಳಿದ ಜಾಗದಲ್ಲೇ ನಿಂತು ನನಗೆ ಕರೆ ಮಾಡುತ್ತಾನೆ. ಕಾರ್ಡಿನಲ್ಲಿ ಇಳಿಯಬೇಕಾದ ನಿಲ್ದಾಣ ಮತ್ತು ನನ್ನ ನಂಬರ್ ಇವೆ, ಮನೆಯ ವಿಳಾಸವಿಲ್ಲ.

ಸಂಜೆಯ ನೂಕುನುಗ್ಗಲು ಇನ್ನೂ ಆಗದು. ತರಬೇತಿಯವರು ಅವನನ್ನು ಅರ್ಧ ಗಂಟೆ ಮೊದಲೇ ಬಿಡಲು ಒಪ್ಪಿದ್ದಾರೆ. ಮುಂದೆ ಕೆಲಸಕ್ಕೆ ಸೇರುವಾಗಲೂ ಇದೇ ಹೊಂದಾಣಿಕೆಯನ್ನು ಕೇಳುತ್ತೇವೆ.