ಪಿ.ಎಫ್. ಪಾಸ್‌ಬುಕ್: 2023-24ರಲ್ಲಿ ಮೂರು ತಿಂಗಳ ವಂತಿಗೆ ಇಲ್ಲ, ಬಡ್ಡಿಯೂ ಕಡಿಮೆ ಬಂದಿದೆ

ಪೀಣ್ಯ ಫಿಟ್ಟರ್ (ಸೆಪ್ಟೆಂಬರ್ 2024)

ಎಲ್ಲರಿಗೂ ನಮಸ್ಕಾರ. ನಾನು ಪೀಣ್ಯದ ಒಂದು ಯಂತ್ರಭಾಗಗಳ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತೇನೆ. ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 15,000 ರೂಪಾಯಿ. ಪ್ರತಿ ತಿಂಗಳೂ ನನ್ನ ಪಾಲಿನ 1,800 ರೂಪಾಯಿ ಸಂಬಳದಲ್ಲಿ ಕಡಿತವಾಗುತ್ತದೆ. ಪಾಸ್‌ಬುಕ್‌ನಲ್ಲಿ ಮಾಲೀಕರ ಪಾಲಿನ ಕಾಲಂನಲ್ಲಿ 550, ಪಿಂಚಣಿ ಕಾಲಂನಲ್ಲಿ 1,250 ಎಂದು ಬರುತ್ತದೆ. ಆದರೆ 2023-24ರ ಪುಟದಲ್ಲಿ ಹನ್ನೆರಡು ಸಾಲುಗಳ ಬದಲು ಹತ್ತೇ ಸಾಲುಗಳಿವೆ. 2023ರ ಜೂನ್, ಜುಲೈ ಮತ್ತು 2024ರ ಮಾರ್ಚ್ ತಿಂಗಳ ಸಂಬಳದ ಹಣ ಅಲ್ಲಿ ಕಾಣುತ್ತಿಲ್ಲ. ವರ್ಷದ ಆರಂಭದಲ್ಲಿ ನನ್ನ ಪಾಲು 76,000, ಮಾಲೀಕರ ಪಾಲು 24,000, ಒಟ್ಟು ಒಂದು ಲಕ್ಷ ಇತ್ತು. ಬಡ್ಡಿ 9,074 ರೂಪಾಯಿ ಜಮಾ ಆಗಿದೆ. ನನ್ನ ಲೆಕ್ಕಕ್ಕೆ ಅದು 9,316 ಆಗಬೇಕಿತ್ತು. ಬಡ್ಡಿಯಲ್ಲಿ ತಪ್ಪಾಗಿದೆಯೇ, ವಂತಿಗೆಯಲ್ಲಿ ತಪ್ಪಾಗಿದೆಯೇ ಎಂದು ದಯವಿಟ್ಟು ತಿಳಿಸಿ.

ಹಾಸನದ ಗುಮಾಸ್ತ

ಗಾಬರಿಯಾಗಬೇಡಿ ಸರ್, ಏನೂ ಬಿಟ್ಟುಹೋಗಿಲ್ಲ. ಮಾರ್ಚ್ ತಿಂಗಳ ಸಂಬಳದ ವಂತಿಗೆಯನ್ನು ಏಪ್ರಿಲ್‌ನಲ್ಲಿ ಕಟ್ಟುವುದರಿಂದ ಅದು ಮುಂದಿನ ವರ್ಷದ ಪುಟಕ್ಕೆ ಹೋಗುತ್ತದೆ. ಮೇಲಿನ ಪಟ್ಟಿಯಲ್ಲಿ 2024-25 ಆರಿಸಿದರೆ ಉಳಿದದ್ದೆಲ್ಲವೂ ಸಿಗುತ್ತದೆ.

ಲೆಕ್ಕದ ಖಾತೆ

ಹಾಸನದವರು ಮಾರ್ಚ್ ಬಗ್ಗೆ ಹೇಳಿದ್ದು ಸರಿ, ಜೂನ್ ಮತ್ತು ಜುಲೈಗೆ ಅದು ಹೊಂದುವುದಿಲ್ಲ. ಪಾಸ್‌ಬುಕ್‌ನ ಪ್ರತಿ ಸಾಲಿನಲ್ಲಿ ಎರಡು ತಿಂಗಳುಗಳಿರುತ್ತವೆ ಎಂಬುದನ್ನು ಮೊದಲು ಗಮನಿಸಬೇಕು. ಒಂದು, ಸಂಬಳ ಯಾವ ತಿಂಗಳದ್ದು ಎಂಬುದು. ಇನ್ನೊಂದು, ವಿವರದ ಕಾಲಂನಲ್ಲಿರುವ, ಹಣ ಕಟ್ಟಬೇಕಾದ ತಿಂಗಳು. ಜೂನ್ ಸಂಬಳದ ಹಣವನ್ನು ಜುಲೈ 15ರೊಳಗೆ ಕಟ್ಟಬೇಕಾದ್ದರಿಂದ ಆ ಸಾಲು ಹೀಗಿರುತ್ತದೆ:

```
Cont. For Due-Month 072023
```

ಇದನ್ನು ಜುಲೈ ಸಂಬಳದ ಸಾಲು ಎಂದು ಓದಿದರೆ ಇಡೀ ವರ್ಷದ ಲೆಕ್ಕ ಒಂದು ತಿಂಗಳು ಜರುಗಿಬಿಡುತ್ತದೆ. ಹೀಗಾಗಿ 2023-24ರ ಪುಟ 2023ರ ಮಾರ್ಚ್ ಸಂಬಳದಿಂದ ಆರಂಭವಾಗಿ 2024ರ ಫೆಬ್ರವರಿ ಸಂಬಳಕ್ಕೆ ಮುಗಿಯುತ್ತದೆ. ತಮ್ಮ ಪುಟದಲ್ಲಿ 042023 ಇಂದ 032024 ವರೆಗೆ ಓದುತ್ತಾ ಹೋಗಿ. 072023 ಮತ್ತು 082023 ಮಾತ್ರ ಇಲ್ಲದಿದ್ದರೆ ನಿಜವಾಗಿ ಬಿಟ್ಟುಹೋದದ್ದು ಮೂರಲ್ಲ, ಎರಡೇ ತಿಂಗಳು.

ಇನ್ನು ಬಡ್ಡಿಯ ವಿಷಯ. ಪಿ.ಎಫ್. ಬಡ್ಡಿಯನ್ನು ವರ್ಷಕ್ಕೊಮ್ಮೆ ಜಮಾ ಮಾಡಿದರೂ ಲೆಕ್ಕ ಹಾಕುವುದು ತಿಂಗಳ ಬಾಕಿಯ ಮೇಲೆ. ಆರಂಭದ ಶಿಲ್ಕಿಗೆ ಪೂರ್ತಿ ಹನ್ನೆರಡು ತಿಂಗಳ ಬಡ್ಡಿ ಸಿಗುತ್ತದೆ. ವರ್ಷದ ನಡುವೆ ಜಮಾ ಆದ ಹಣಕ್ಕೆ ಜಮಾ ಆದ ಮರುತಿಂಗಳಿನಿಂದ ಬಡ್ಡಿ ಆರಂಭ. ಏಪ್ರಿಲ್‌ನಲ್ಲಿ ಬಂದ ಹಣಕ್ಕೆ ಹನ್ನೊಂದು ತಿಂಗಳು, ಮೇ ತಿಂಗಳದ್ದಕ್ಕೆ ಹತ್ತು, ಹೀಗೆ ಇಳಿದು ಮಾರ್ಚ್‌ನಲ್ಲಿ ಬಂದದ್ದಕ್ಕೆ ಆ ವರ್ಷ ಏನೂ ಇಲ್ಲ. ಎಲ್ಲ ಹನ್ನೆರಡು ಸಾಲುಗಳೂ ಇದ್ದರೆ ಈ ತಿಂಗಳುಗಳ ಮೊತ್ತ 66. ತಾವು 9,316 ಎಂದದ್ದು ಈ 66ರ ಲೆಕ್ಕ. ಜುಲೈ ಮತ್ತು ಆಗಸ್ಟ್‌ನಲ್ಲಿ ಬರಬೇಕಾದ ಎರಡು ಕಂತು ಬರದಿದ್ದರೆ ಎಂಟು ಮತ್ತು ಏಳು, ಅಂದರೆ ಹದಿನೈದು ತಿಂಗಳು ಕಳೆಯಬೇಕು. ಉಳಿಯುವುದು 51. ಆ ವರ್ಷದ ದರ ಶೇ. 8.25. ತಿಂಗಳ ಕಂತು 1,800 ಮತ್ತು 550 ಸೇರಿ 2,350.

```
(100000 × 12 + 2350 × 51) × 8.25 / 1200 = 9073.97
```

ಜಮಾ ಆದದ್ದು 9,074. ಬಡ್ಡಿ ಹಾಕಿದವರ ಕಡೆ ತಪ್ಪಿಲ್ಲ. ಕೊರತೆಯಾದ 242 ರೂಪಾಯಿ ಆ ಎರಡು ಕಂತುಗಳು ಬಾರದಿರುವುದರ ಫಲ. ಆದ್ದರಿಂದ ಬಡ್ಡಿಯ ಬಗ್ಗೆ ದೂರು ಕೊಡಬೇಡಿ, ಕೊಟ್ಟರೆ ಲೆಕ್ಕ ಸರಿಯಿದೆ ಎಂದು ಮುಚ್ಚಿಬಿಡುತ್ತಾರೆ. ಕೇಳಬೇಕಾದದ್ದು ವಂತಿಗೆಯನ್ನು.

ಮೈಸೂರು ಮಲ್ಲಿಗೆ

ನನ್ನ ಪಾಸ್‌ಬುಕ್‌ನಲ್ಲೂ ಇಂಥದೇ ತೊಂದರೆ ಇರುವಂತಿದೆ. 2016ರಲ್ಲಿ ಮೊದಲ ಬಾರಿಗೆ ಕೆಲಸಕ್ಕೆ ಸೇರಿದೆ. ಆಗ ಮೂಲ ವೇತನ 22,000 ಇತ್ತು. ಅಂದಿನಿಂದಲೂ ಪಿಂಚಣಿ ಕಾಲಂನಲ್ಲಿ ಸೊನ್ನೆಯೇ ಇದೆ. ಕಂಪನಿಯವರು ತಿಂಗಳಿಗೆ 1,250 ರೂಪಾಯಿ ನುಂಗುತ್ತಿದ್ದಾರೆಂದು ತಿಳಿಯಬೇಕೇ?

ಲೆಕ್ಕದ ಖಾತೆ

ಹಾಗೆ ತಿಳಿಯುವ ಮೊದಲು ಮಾಲೀಕರ ಪಾಲಿನ ಕಾಲಂ ನೋಡಿ ಮೇಡಂ. 2014ರ ಸೆಪ್ಟೆಂಬರ್ 1ರ ನಂತರ ಹೊಸದಾಗಿ ಸದಸ್ಯರಾದವರ ವೇತನ 15,000ಕ್ಕಿಂತ ಹೆಚ್ಚಿದ್ದರೆ ಅವರು ಪಿಂಚಣಿ ಯೋಜನೆಗೆ ಸೇರುವುದಿಲ್ಲ, ಮಾಲೀಕರ ಶೇ. 12 ಪೂರ್ತಿಯಾಗಿ ಪಿ.ಎಫ್.ಗೇ ಹೋಗುತ್ತದೆ. ತಮ್ಮ ಪಾಲು ಮತ್ತು ಮಾಲೀಕರ ಪಾಲು ಎರಡೂ ಸಮನಾಗಿದ್ದರೆ ಹಣ ಎಲ್ಲಿಯೂ ಹೋಗಿಲ್ಲ. ಮಾಲೀಕರ ಪಾಲು 1,250ರಷ್ಟು ಕಡಿಮೆ ಇದ್ದು ಪಿಂಚಣಿ ಕಾಲಂ ಸೊನ್ನೆಯಾಗಿದ್ದರೆ ಮಾತ್ರ ಪ್ರಶ್ನಿಸಬೇಕು.

ಪೀಣ್ಯದವರಿಗೆ ಇನ್ನೊಂದು ಮಾತು. ಇ.ಪಿ.ಎಫ್.ಒ. ಜಾಲತಾಣದ ಸಂಸ್ಥೆಗಳ ಹುಡುಕಾಟದಲ್ಲಿ ತಮ್ಮ ಕಾರ್ಖಾನೆಯ ಹೆಸರು ಹಾಕಿ, ಪಾವತಿಯ ವಿವರ ತೆರೆಯಿರಿ. ಲಾಗಿನ್ ಬೇಕಿಲ್ಲ. ಯಾವ ತಿಂಗಳ ಸಂಬಳಕ್ಕೆ, ಯಾವ ದಿನ, ಎಷ್ಟು ನೌಕರರಿಗಾಗಿ ಹಣ ಕಟ್ಟಿದ್ದಾರೆ ಎಂಬುದು ಅಲ್ಲಿರುತ್ತದೆ. ಜೂನ್ ತಿಂಗಳ ಸಾಲೇ ಇಲ್ಲದಿದ್ದರೆ ಯಾರಿಗೂ ಕಟ್ಟಿಲ್ಲ ಎಂದರ್ಥ. ಸಾಲು ಇದ್ದು ನೌಕರರ ಸಂಖ್ಯೆ ಇಳಿದಿದ್ದರೆ ಕೆಲವರ ಹೆಸರನ್ನು ಬಿಟ್ಟಿದ್ದಾರೆ. ಇವೆರಡೂ ಬೇರೆಬೇರೆ ದೂರುಗಳು.

ಪೀಣ್ಯ ಫಿಟ್ಟರ್

ತಾವು ಹೇಳಿದಂತೆಯೇ ಇದೆ ಸರ್. ಮಾರ್ಚ್ ಕಂತು 2024-25ರ ಪುಟದಲ್ಲಿ ಸಿಕ್ಕಿತು. ಹುಡುಕಾಟದಲ್ಲಿ ಮೇ ತಿಂಗಳಿಗೆ 44 ನೌಕರರು, ಜೂನ್ ಮತ್ತು ಜುಲೈಗೆ 41, ಆಗಸ್ಟ್‌ಗೆ ಮತ್ತೆ 44. ಲೆಕ್ಕ ವಿಭಾಗದಲ್ಲಿ ಕೇಳಿದಾಗ, ಆ ಎರಡು ತಿಂಗಳು ನಮ್ಮ ಮೂವರನ್ನು ಗುತ್ತಿಗೆದಾರರ ಪಟ್ಟಿಗೆ ಸೇರಿಸಿದ್ದೆವು, ಅವರನ್ನೇ ಕೇಳಿ ಎಂದರು. ಆದರೆ ಆ ಎರಡೂ ತಿಂಗಳ ಸ್ಯಾಲರಿ ಸ್ಲಿಪ್ ಕಾರ್ಖಾನೆಯದೇ ಹೆಸರಿನಲ್ಲಿದೆ, ಅದರಲ್ಲಿ 1,800 ಕಡಿತವೂ ಇದೆ.

ಲೆಕ್ಕದ ಖಾತೆ

ಗುತ್ತಿಗೆದಾರರು ಕಟ್ಟಿದ್ದರೆ ತಮ್ಮ ಅದೇ ಯು.ಎ.ಎನ್. ಅಡಿಯಲ್ಲಿ ಎರಡನೆಯ ಸದಸ್ಯತ್ವ ಸಂಖ್ಯೆ ಇರಬೇಕು. ಪಾಸ್‌ಬುಕ್ ತೆರೆದಾಗ ಒಂದೇ ಸಂಖ್ಯೆ ಕಂಡರೆ ಅವರೂ ಕಟ್ಟಿಲ್ಲ. ಗುತ್ತಿಗೆಯವರ ಮೂಲಕ ದುಡಿಸಿಕೊಂಡರೂ ವಂತಿಗೆ ಕಟ್ಟಿಸುವ ಹೊಣೆ ಮೂಲ ಮಾಲೀಕರದ್ದೇ ಎಂದು ಯೋಜನೆಯ 30ನೆಯ ಪ್ಯಾರಾ ಹೇಳುತ್ತದೆ. ಎರಡೂ ಸ್ಲಿಪ್, ಪಾಸ್‌ಬುಕ್ ಪುಟ ಮತ್ತು 44, 41 ಎಂದು ತೋರಿಸುವ ಪರದೆಯ ಪ್ರತಿ ಲಗತ್ತಿಸಿ ಕಾರ್ಖಾನೆಗೆ ಲಿಖಿತವಾಗಿ ಕೊಡಿ, ಸ್ವೀಕೃತಿ ಪಡೆಯಿರಿ. ಅವರು ಕದಲದಿದ್ದರೆ ಅದೇ ಕಾಗದಗಳೊಂದಿಗೆ epfigms.gov.in ನಲ್ಲಿ ದೂರು ದಾಖಲಿಸಿ. ದೂರಿನಲ್ಲಿ ‘ಹಣ ಬಂದಿಲ್ಲ’ ಎಂದಷ್ಟೇ ಬರೆಯದೆ, 2023ರ ಜೂನ್ ಮತ್ತು ಜುಲೈ ಸಂಬಳ ಎಂದು ತಿಂಗಳ ಹೆಸರು ಹಾಕಿ. ಕಡಿತ ಮಾಡಿಯೂ ಕಟ್ಟದಿರುವುದು ಬರೀ ವಿಳಂಬಕ್ಕಿಂತ ಗಂಭೀರವಾದ ಅಪರಾಧ ಎಂಬುದು ಅವರಿಗೂ ಗೊತ್ತಿರುತ್ತದೆ.

ಹಾಸನದ ಗುಮಾಸ್ತ

ನಾನು ಜೂನ್, ಜುಲೈ ಸಾಲುಗಳನ್ನು ಗಮನಿಸಿರಲಿಲ್ಲ. ಒಂದು ಸಂದೇಹ: ಈಗ ತಡವಾಗಿ ಕಟ್ಟಿದರೆ ಆ 242 ರೂಪಾಯಿ ಬಡ್ಡಿ ಇವರಿಗೆ ಸಿಗುತ್ತದೆಯೇ? ತಡವಾದ ಅವಧಿಗೆ ಮಾಲೀಕರು ವರ್ಷಕ್ಕೆ ಶೇ. 12ರಂತೆ ಬಡ್ಡಿ ಕಟ್ಟಬೇಕು ಎನ್ನುತ್ತಾರಲ್ಲ, ಅದರಿಂದಲೇ ಬರಬೇಕಲ್ಲವೇ?

ಲೆಕ್ಕದ ಖಾತೆ

ಆ ಶೇ. 12ನ್ನು ವಸೂಲು ಮಾಡುವುದು ಇ.ಪಿ.ಎಫ್.ಒ. ಹಣ ಜಮಾ ಆದ ಮರುತಿಂಗಳಿನಿಂದಲೇ ಸದಸ್ಯರ ಬಡ್ಡಿ ಎಂಬ ನಿಯಮವನ್ನು ಅಕ್ಷರಶಃ ಓದಿದರೆ ಹಿಂದಿನ ಬಡ್ಡಿ ತಾನಾಗಿ ಬರುತ್ತದೆಂದು ನಾನು ಭರವಸೆ ಕೊಡಲಾರೆ. ಅದನ್ನೂ ದೂರಿನಲ್ಲಿ ಪ್ರತ್ಯೇಕ ಸಾಲಾಗಿ ಕೇಳುವುದು ಒಳ್ಳೆಯದು.

ಪೀಣ್ಯ ಫಿಟ್ಟರ್

ಪಾಸ್‌ಬುಕ್‌ನಲ್ಲಿ ಒಂದೇ ಸದಸ್ಯತ್ವ ಸಂಖ್ಯೆ ಇದೆ. ಉಳಿದ ಇಬ್ಬರ ಪಾಸ್‌ಬುಕ್‌ನಲ್ಲೂ ಅದೇ ಎರಡು ಸಾಲುಗಳಿಲ್ಲ. ಮೂವರೂ ಸೇರಿ ಕಾರ್ಖಾನೆಗೆ ಪತ್ರ ಕೊಟ್ಟಿದ್ದೇವೆ, ಸ್ವೀಕೃತಿ ಸಿಕ್ಕಿದೆ, ಉತ್ತರ ಇನ್ನೂ ಬಂದಿಲ್ಲ.